ಕುಷ್ಟಗಿಯ ಬೋರ್ ನೀರಿಗೆ ಯಾವ ಹಳೇ ಫಿಲ್ಟರ್ ಕೊಳ್ಳಬೇಕು?

ಅಕ್ಕ ಗಂಗಾವತಿಯಿಂದ ಕುಷ್ಟಗಿಗೆ ಮನೆ ಬದಲಿಸಿದಾಗ ಹಳೆಯ ಯುವಿ ಫಿಲ್ಟರನ್ನೂ ಜೊತೆಗೆ ಒಯ್ದಳು. ಐದು ವರ್ಷ ಚೆನ್ನಾಗಿ ನಡೆದ ಮಷೀನು. ಹೊಸ ಮನೆಯ ಅಡುಗೆಮನೆ ಗೋಡೆಗೂ ಅದನ್ನೇ ಹಾಕಿಸಿದಳು. ವಾರದೊಳಗೆ ಫೋನ್ ಬಂತು. "ನೀರು ಸವಳಾಗೇ ಐತಲ್ಲೋ, ಬೇಳೆ ಬೇಯವಲ್ದು. ಲೈಟ್ ಮಾತ್ರ ಹತ್ತೇತಿ ನೋಡು" ಅಂದಳು.

ಮಷೀನಿನಲ್ಲಿ ಏನೂ ಕೆಟ್ಟಿರಲಿಲ್ಲ. ಬದಲಾಗಿದ್ದು ನೀರು. ಗಂಗಾವತಿಯಲ್ಲಿ ಅವರ ನಲ್ಲಿಗೆ ಬರುತ್ತಿದ್ದುದು ತುಂಗಭದ್ರೆಯ ನೀರು. ಕುಷ್ಟಗಿಯ ಊರಂಚಿನ ಆ ಮನೆಗೆ ಇರುವುದು ಬೋರ್ ನೀರು. ಯುವಿ ಅಂದರೆ ಒಂದು ಕೊಳವೆಯೊಳಗಿನ ದೀಪ. ಅದರ ಬೆಳಕು ನೀರಿನಲ್ಲಿರುವ ರೋಗಾಣುಗಳನ್ನು ಸಾಯಿಸುತ್ತದೆ. ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ, ಫ್ಲೋರೈಡ್ ಯಾವುದನ್ನೂ ಅದು ಮುಟ್ಟುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟು ಉಳಿದ ನೀರಿನಲ್ಲಿ ಅದು ಜಾಸ್ತಿಯೇ ಆಗುತ್ತದೆ.

ಕರಗಿದ ಉಪ್ಪು, ಫ್ಲೋರೈಡ್ ತೆಗೆಯಲು ಆರ್‌ಓ ಮಷೀನು ಬೇಕು. ಹೊಸದಕ್ಕೆ ಸಾವಿರಾರು ರೂಪಾಯಿ. ಮನೆ ಬದಲಿಸಿದ ಖರ್ಚು ಆಗಷ್ಟೇ ಆಗಿತ್ತು. ಹಳೆಯದನ್ನೇ ನೋಡೋಣ ಎಂದು ಭಾವ ಮೂರು ಮಾರಾಟದ ಜಾಹೀರಾತು ಕಳಿಸಿದರು. ಈ ಬರಹ ಆ ಮೂರರ ನಡುವೆ ನಾವು ಹೇಗೆ ಆರಿಸಿಕೊಂಡೆವು ಎಂಬುದರ ಬಗ್ಗೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೇ ಫಿಲ್ಟರ್ ನೋಡುತ್ತಿರುವ ಯಾರಿಗಾದರೂ ಇದೇ ದಾರಿ ಸಾಕಾಗುತ್ತದೆ.

ಮೊದಲು ನೀರು, ಆಮೇಲೆ ಮಷೀನು

ಜಾಹೀರಾತು ನೋಡುವುದಕ್ಕೆ ಮುಂಚೆ ಅಕ್ಕನ ಮನೆ ನೀರನ್ನು ನೋಡಿದೆವು. ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಪೆನ್ನಿನಂಥ ಟಿಡಿಎಸ್ ಮೀಟರ್ ನನ್ನ ಹತ್ತಿರ ಇತ್ತು. ಗಂಗಾವತಿ ನಲ್ಲಿ ನೀರಿಗೆ ಅದು 210 ತೋರಿಸುತ್ತಿತ್ತು. ಕುಷ್ಟಗಿ ಬೋರ್ ನೀರಿಗೆ 1180 ತೋರಿಸಿತು. ಟಿಡಿಎಸ್ ಅಂದರೆ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಉಪ್ಪಿನಂಶ ಕರಗಿದೆ ಎಂಬ ಲೆಕ್ಕ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ 500ರ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಅನ್ನುವಾಗ 2000ದವರೆಗೆ ಒಪ್ಪಬಹುದು.

ಆದರೆ ಈ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಒಟ್ಟು ಉಪ್ಪನ್ನು ಅಷ್ಟೇ ಹೇಳುತ್ತದೆ. 600 ಟಿಡಿಎಸ್ ಇರುವ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ಕೊಪ್ಪಳ ಜಿಲ್ಲೆಯಲ್ಲಿ, ಅದರಲ್ಲೂ ಕುಷ್ಟಗಿ, ಯಲಬುರ್ಗಾ ಕಡೆಯ ಬೋರುಗಳಲ್ಲಿ, ಇದು ಹಳೆಯ ತೊಂದರೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಊರವರೇ "ಬೋರ್ ನೀರು" ಅಂತಾರೆ. ಹಾಗಾಗಿ ಒಂದು ಲೀಟರ್ ನೀರನ್ನು ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಟ್ಟೆವು. ಫ್ಲೋರೈಡ್ ನೋಡಿಸಲು ಗಾಜಿನ ಬಾಟಲಿ ಬೇಡ. ಗ್ರಾಮ ಪಂಚಾಯಿತಿಗಳಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಅದರಲ್ಲೂ ಫ್ಲೋರೈಡ್ ಅಂದಾಜು ಸಿಗುತ್ತದೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ಮಷೀನು ಕೊಳ್ಳುವವರು ಒಮ್ಮೆ ಲ್ಯಾಬಿನ ಚೀಟಿ ತರುವುದೇ ಸರಿ.

ಚೀಟಿಯಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿಲಿಗ್ರಾಂ ಬಂತು. ಒಳ್ಳೆಯ ನೀರಿಗೆ ಮಿತಿ 1.0, ಗತಿಯಿಲ್ಲದಾಗ 1.5. ಗಡಸುತನ, ಅಂದರೆ ಸುಣ್ಣದಂಥ ಅಂಶಗಳ ಲೆಕ್ಕ, ಲೀಟರಿಗೆ 520 ಮಿಲಿಗ್ರಾಂ ಇತ್ತು. ಇಷ್ಟು ಗೊತ್ತಾದ ಮೇಲೆ ಜಾಹೀರಾತುಗಳನ್ನು ಓದುವ ಕಣ್ಣೇ ಬೇರೆಯಾಯಿತು.

ಆ ಮೂರು ಜಾಹೀರಾತು

ಮೊದಲನೆಯದು ಕರೆಂಟ್ ಬೇಡದ ಯುಎಫ್ ಫಿಲ್ಟರ್, 600 ರೂಪಾಯಿ. ಮೇಲಿನ ಡಬ್ಬದಲ್ಲಿ ನೀರು ಸುರಿದರೆ ಕೆಳಗೆ ಇಳಿಯುವಂಥದ್ದು. ಇದರೊಳಗೆ ಸಣ್ಣ ಶಾವಿಗೆಯಂಥ ಟೊಳ್ಳು ಎಳೆಗಳಿರುತ್ತವೆ. ಮಣ್ಣು, ಬ್ಯಾಕ್ಟೀರಿಯಾ ತಡೆಯುತ್ತದೆ. ಕರಗಿದ ಉಪ್ಪು ಹಾಗೇ ದಾಟಿ ಹೋಗುತ್ತದೆ. ಕರೆಂಟ್ ಸರಿಯಾಗಿ ಇರದ ಹೊಲದ ಮನೆಗೆ, ಅದೂ ಹೊಳೆ ನೀರು ಇರುವ ಕಡೆಗೆ, ಚೆನ್ನಾಗಿ ಒಪ್ಪುತ್ತದೆ. ಒಂದು ಮಾತು ನೆನಪಿರಲಿ. ಇಂಥದ್ದನ್ನು ಹಳೆಯದು ಕೊಂಡರೆ ನೀವು ಕೊಂಡದ್ದು ಪ್ಲಾಸ್ಟಿಕ್ ಡಬ್ಬ ಅಷ್ಟೇ. ಒಳಗಿನ ಕಾರ್ಟ್ರಿಡ್ಜ್ ಎಷ್ಟು ಲೀಟರ್ ದಾಟಿಸಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಹೊಸದನ್ನೇ ಹಾಕಬೇಕು, ಅದಕ್ಕೆ ಮತ್ತೆ ಡಬ್ಬದಷ್ಟೇ ದುಡ್ಡು. ನಮ್ಮ ನೀರಿಗೆ ಅದು ಆಗುವುದಿಲ್ಲ, ಬಿಟ್ಟೆವು.

ಎರಡನೆಯದು ಇನ್ನೊಂದು ಯುವಿ ಮಷೀನು, 1,500 ರೂಪಾಯಿ. "ಲೈಟ್ ಹತ್ತುತ್ತದೆ, ಒಳ್ಳೆ ಕಂಡೀಷನ್" ಎಂದು ಬರೆದಿದ್ದರು. ಯುವಿ ಕೊಳ್ಳುವವರು ಆ ಮಾತನ್ನು ನಂಬಬಾರದು. ದೀಪ ಕಣ್ಣಿಗೆ ನೀಲಿಯಾಗಿ ಕಾಣುತ್ತಿದ್ದರೂ, ರೋಗಾಣು ಸಾಯಿಸುವ ಕಿರಣ ಕಣ್ಣಿಗೆ ಕಾಣದ್ದು, ಅದು ದಿನ ಕಳೆದಂತೆ ಕುಗ್ಗುತ್ತದೆ. ಹೆಚ್ಚಿನ ದೀಪಗಳಿಗೆ ಸುಮಾರು 8,000 ಗಂಟೆ ಆಯಸ್ಸು. ವರ್ಷಕ್ಕೊಮ್ಮೆ ಬದಲಿಸುವುದು ಕ್ರಮ. ಇನ್ನೊಂದು, ನೀರು ಕದಡಿದ್ದರೆ ಬೆಳಕು ಒಳಗೆ ಇಳಿಯುವುದಿಲ್ಲ. ಹೊಳೆಗೆ ಹೊಸ ನೀರು ಬಂದು ನಲ್ಲಿ ನೀರು ಕೆಂಪಾಗುವ ದಿನಗಳಲ್ಲಿ ದೀಪಕ್ಕೆ ಮುಂಚೆ ಇರುವ ಮಣ್ಣು ಹಿಡಿಯುವ ಫಿಲ್ಟರ್ ಸ್ವಚ್ಛ ಇರಲೇಬೇಕು. ಇಷ್ಟು ನೋಡಿಕೊಂಡರೆ ಗಂಗಾವತಿಯಂಥ ಕಡೆ ಯುವಿಯೇ ಸಾಕು. ಅಲ್ಲಿ 210 ಟಿಡಿಎಸ್ ನೀರಿಗೆ ಆರ್‌ಓ ಹಾಕಿಸಿ ಒಂದು ಕೊಡ ಕುಡಿಯಲು ಮೂರು ಕೊಡ ಮೋರಿಗೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಮೂರನೆಯದು ಆರ್‌ಓ, ಯುವಿ, ಯುಎಫ್ ಮೂರೂ ಇರುವ ಮಷೀನು. ನಾಲ್ಕು ವರ್ಷ ಹಳೆಯದು, ಕೇಳಿದ ಬೆಲೆ 4,500. "ಮೆಂಬ್ರೇನ್ ಬದಲಿಸಿ ಒಂದು ವರ್ಷ. ಔಟ್‌ಪುಟ್ ಟಿಡಿಎಸ್ 130. ನೀರು ಬಹಳ ರುಚಿ" ಎಂದು ಬರೆದಿದ್ದರು. ಫ್ಲೋರೈಡ್ ತೆಗೆಯಬಲ್ಲದ್ದು ಮೂರರಲ್ಲಿ ಇದೊಂದೇ. ಆರ್‌ಓ ಮೆಂಬ್ರೇನ್ ಅಂದರೆ ಉಪ್ಪನ್ನೇ ತಡೆಯುವಷ್ಟು ಸೂಕ್ಷ್ಮವಾದ ಹಾಳೆಯ ಸುರುಳಿ. ಪಂಪು ಒತ್ತಡ ಹಾಕಿ ನೀರನ್ನು ಅದರೊಳಗೆ ತೂರಿಸುತ್ತದೆ. ಸ್ವಲ್ಪ ನೀರು ಸಿಹಿಯಾಗಿ ಆಚೆ ಬರುತ್ತದೆ, ಉಳಿದದ್ದು ಉಪ್ಪನ್ನು ಹೊತ್ತು ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಭಾವ ಅಂದರು, "130 ಅಂದ್ರ ಚಲೋ ಐತಲ್ಲ, ತಗೊಂಡು ಬಿಡೋಣು." ನನಗೆ ಆ 130ರ ಮೇಲೆಯೇ ಅನುಮಾನ ಬಂತು.

130 ಎಂಬ ಲೆಕ್ಕದ ಒಳಗೆ ಏನಿದೆ

ಹೊರಗೆ ಬರುವ ನೀರಿನ ಟಿಡಿಎಸ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಒಳಗೆ ಹೋಗುವ ನೀರು ಎಷ್ಟು ಅಂತ ಗೊತ್ತಿರಬೇಕು. ಮಾರುವವರ ಮನೆ ಕೊಪ್ಪಳದಲ್ಲಿ. ಭಾನುವಾರ ಹೋದೆವು. ಅವರ ನಲ್ಲಿ ನೀರಿಗೆ ಮೀಟರ್ ಅದ್ದಿದರೆ 240. ಮಷೀನಿನ ನೀರಿಗೆ ಅದ್ದಿದರೆ ಅವರು ಬರೆದಂತೆ 130. ಅಂದರೆ ಒಳಗೆ ಹೋಗುವ ನೀರಿನಲ್ಲಿ ಲೀಟರಿಗೆ ಇರುವ ಉಪ್ಪಿನ ಅರ್ಧಕ್ಕಿಂತ ಜಾಸ್ತಿ, ನೂರಕ್ಕೆ 54ರಷ್ಟು, ಕುಡಿಯುವ ನೀರಿನಲ್ಲೂ ಉಳಿದಿದೆ. ಸರಿಯಾಗಿರುವ ಮೆಂಬ್ರೇನ್ ನೂರಕ್ಕೆ 90ರ ಆಸುಪಾಸು ತಡೆಯಬೇಕು.

ಇದೇ ಮಷೀನನ್ನು ಹಾಗೇ ಕುಷ್ಟಗಿಗೆ ಒಯ್ದರೆ? 1180ರಲ್ಲಿ 54 ಪಾಲು ಅಂದರೆ ಸುಮಾರು 640. ಫ್ಲೋರೈಡ್ 2.4ರಲ್ಲಿ 54 ಪಾಲು ಅಂದರೆ 1.3. ನಾಲ್ಕು ಸಾವಿರ ಕೊಟ್ಟು, ಕರೆಂಟ್ ಸುಟ್ಟು, ಮೂರು ಪಾಲು ನೀರು ಚೆಲ್ಲಿ, ಕೊನೆಗೂ ಒಳ್ಳೆಯ ನೀರಿನ ಮಿತಿಗಿಂತ ಮೇಲಿನ ನೀರೇ ಕುಡಿದಂತೆ ಆಗುತ್ತಿತ್ತು. ಅವರ ಮನೆಯಲ್ಲಿ ಅದೇ 130 ಯಾವ ತೊಂದರೆಯನ್ನೂ ಕೊಡುತ್ತಿರಲಿಲ್ಲ. ಮಾರುವವರು ಸುಳ್ಳು ಹೇಳಿರಲಿಲ್ಲ ಅನ್ನುವುದನ್ನೂ ಹೇಳಬೇಕು.

ಹೀಗಾಗಲು ಎರಡು ಕಾರಣ ಇರಬಹುದು. ಒಂದು, ಮೆಂಬ್ರೇನ್ ಹೋಗಿದೆ. ಇನ್ನೊಂದು, ಟಿಡಿಎಸ್ ಕಂಟ್ರೋಲರ್ ತೆರೆದಿದೆ. ಇದು ಮಷೀನಿನ ಒಳಗೆ ಪೈಪಿನ ಮೇಲೆ ಕೂರುವ ಬೆರಳು ಗಾತ್ರದ ಒಂದು ತಿರುಪು. ಅದನ್ನು ತೆರೆದರೆ ಮೆಂಬ್ರೇನ್ ದಾಟದ ನೀರು, ಬರೀ ಯುಎಫ್ ದಾಟಿದ ನೀರು, ಸಿಹಿ ನೀರಿನ ಜೊತೆ ಬೆರೆಯುತ್ತದೆ. ಹೊಳೆ ನೀರಿನ ಮನೆಯಲ್ಲಿ ನೀರು ತೀರಾ ಸಪ್ಪೆಯಾಗದಿರಲಿ ಎಂದು ಹೀಗೆ ಮಾಡುತ್ತಾರೆ. ಫ್ಲೋರೈಡ್ ಇರುವ ಮನೆಯಲ್ಲಿ ಅದು ಫ್ಲೋರೈಡಿಗೆ ಬಾಗಿಲು ತೆರೆದಿಟ್ಟಂತೆ. ಜಾಹೀರಾತಿನಲ್ಲಿ "ಟಿಡಿಎಸ್ ಅಡ್ಜಸ್ಟರ್ ಇದೆ" ಎಂದು ಹೆಚ್ಚುಗಾರಿಕೆಯಾಗಿ ಬರೆದಿರುತ್ತಾರೆ. ನಮ್ಮ ಬೋರ್ ನೀರಿಗೆ ಅದು ಮುಚ್ಚಿಯೇ ಇರಬೇಕು.

ಮಾರುವವರನ್ನು ಕೇಳಿಯೇ ಮುಚ್ಚಳ ತೆಗೆದೆವು. ತಿರುಪು ಪೂರ್ತಿ ತೆರೆದಿತ್ತು. ಬಲಕ್ಕೆ ತಿರುಗಿಸಿ ಮುಚ್ಚಿದೆವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಟ್ಯಾಂಕಿನಲ್ಲಿ ಹಳೆಯ ನೀರು ನಿಂತಿರುತ್ತದೆ, ಕೂಡಲೇ ನಲ್ಲಿ ತಿರುಗಿಸಿ ಅಳೆದರೆ ಅದೇ 130 ಬರುತ್ತದೆ. ಹಾಗಾಗಿ ಟ್ಯಾಂಕಿಗೆ ಬೀಳುವ ಸಣ್ಣ ಪೈಪನ್ನೇ ಲೋಟಕ್ಕೆ ಹಿಡಿದೆವು. ಹತ್ತು ನಿಮಿಷ ನಡೆಸಿ, ಮೊದಲ ಲೋಟಗಳನ್ನು ಚೆಲ್ಲಿ, ಆಮೇಲೆ ಅಳೆದೆವು. 24 ಬಂತು.

240ಕ್ಕೆ 24. ಹತ್ತರಲ್ಲಿ ಒಂದು ಪಾಲು ಮಾತ್ರ ದಾಟುತ್ತಿದೆ. ಮೆಂಬ್ರೇನ್ ಗಟ್ಟಿಯಿದೆ ಎಂದಾಯಿತು. ತಿರುಪು ಮುಚ್ಚಿದ ಮೇಲೂ 80, 90 ಬಂದಿದ್ದರೆ ಮೆಂಬ್ರೇನ್ ಹೋಗಿದೆ ಎಂದು ಅದರ ಬೆಲೆಯನ್ನು ಕೇಳಿದ ದರದಲ್ಲಿ ಕಳೆಯಬೇಕಿತ್ತು.

ಹದಿನೈದು ನಿಮಿಷ ನಿಂತು ನೋಡಿದ್ದು

ಅಲ್ಲೇ ಇದ್ದಾಗ ಇನ್ನೆರಡು ಸಂಗತಿ ನೋಡಿದೆವು. ಒಂದು ಲೀಟರ್ ಬಾಟಲಿ ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ಎಣಿಸಿದೆವು. ಮನೆ ಮಷೀನುಗಳ ಮೆಂಬ್ರೇನ್ ಹೊಸದಿದ್ದಾಗ ಗಂಟೆಗೆ ಸುಮಾರು 12 ಲೀಟರ್ ಕೊಡುತ್ತದೆ, ಅಂದರೆ ಲೀಟರಿಗೆ ಐದು ನಿಮಿಷ. ಇದಕ್ಕೆ ಆರು ನಿಮಿಷ ಹಿಡಿಯಿತು. ನಾಲ್ಕು ವರ್ಷದ ಮಷೀನಿಗೆ ಅದು ಸರಿಯೇ. ಹತ್ತು ಹನ್ನೆರಡು ನಿಮಿಷ ಹಿಡಿದರೆ ಪಂಪು ಸೋತಿದೆ, ಇಲ್ಲವೇ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟಿದೆ.

ಎರಡನೆಯದು ಹೊರಗೆ ಹೋಗುವ ನೀರಿನ ಪೈಪು. ಅದನ್ನು ಬಕೆಟ್‌ಗೆ ಬಿಟ್ಟು ನೋಡಿದೆವು. ಒಂದು ಲೀಟರ್ ಸಿಹಿ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಯಿತು. "ನಮ್ ಮಷೀನ್ ನೀರು ವೇಸ್ಟ್ ಮಾಡೋದೇ ಇಲ್ಲ" ಎಂದು ಯಾರಾದರೂ ಹೇಳಿದರೆ ಖುಷಿಪಡಬೇಡಿ. ಹಳೆಯ ಮಷೀನಿನಲ್ಲಿ ಹೊರಗಿನ ಪೈಪು ಬತ್ತಿದ್ದರೆ ಫ್ಲೋ ರಿಸ್ಟ್ರಿಕ್ಟರ್ ಎಂಬ ಸಣ್ಣ ತುಂಡು ಕಟ್ಟಿಕೊಂಡಿದೆ ಎಂದೇ ಹೆಚ್ಚಾಗಿ ಅರ್ಥ. ಉಪ್ಪು ಹೊರಗೆ ಹೋಗದೆ ಮೆಂಬ್ರೇನಿನ ಮೇಲೆಯೇ ಕೂರುತ್ತದೆ. ಅದಕ್ಕೆ ತಿರುಗುಮುರುಗಾಗಿ, ಟ್ಯಾಂಕ್ ತುಂಬಿ ಪಂಪು ನಿಂತ ಮೇಲೂ ಹೊರಗಿನ ಪೈಪಿನಿಂದ ನೀರು ಸುರಿಯುತ್ತಲೇ ಇದ್ದರೆ ನೀರನ್ನು ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಹೋಗಿದೆ. ಅದನ್ನು ಇನ್ನೂರು ಮುನ್ನೂರು ರೂಪಾಯಿಯಲ್ಲಿ ಬದಲಿಸಬಹುದು, ಹೆದರಬೇಕಿಲ್ಲ.

ನಾನು ಯಾವಾಗಲೂ ಕೇಳುವ ಮಾತು ಇನ್ನೊಂದಿದೆ. ಕೊನೆಯ ಸಲ ಯಾವಾಗ ನೀರು ಹಿಡಿದಿರಿ? ಆರು ತಿಂಗಳಿಂದ ಅಟ್ಟದ ಮೇಲೆ ಬಿದ್ದಿದ್ದ ಆರ್‌ಓ ಕೊಳ್ಳುವುದಾದರೆ ಮೆಂಬ್ರೇನ್ ಇಲ್ಲ ಎಂದೇ ಲೆಕ್ಕ ಹಾಕಿ. ಒಮ್ಮೆ ನೆನೆದ ಮೆಂಬ್ರೇನ್ ಒಣಗಿದರೆ ಹಾಳಾಗುತ್ತದೆ. ಒಣಗದೆ ನೀರು ನಿಂತಿದ್ದರೆ ಒಳಗೆ ಲೋಳೆ ಕಟ್ಟಿ ವಾಸನೆ ಬರುತ್ತದೆ. ಈ ಮಷೀನು ಅವತ್ತಿನವರೆಗೂ ಓಡುತ್ತಿತ್ತು.

ಒಳಗೆ ಕಂಡ ಇನ್ನೊಂದು ವಿಷಯ ನನಗೆ ಸಮಾಧಾನ ಕೊಟ್ಟಿತು. ಪೈಪು, ಕ್ಯಾಂಡಲ್, ಪಂಪು, ಅಡಾಪ್ಟರ್ ಎಲ್ಲವೂ ಯಾವ ಅಂಗಡಿಯಲ್ಲಾದರೂ ಸಿಗುವ ಸಾದಾ ಅಳತೆಯವು. ಕೆಲವು ಕಂಪನಿ ಮಷೀನುಗಳಿಗೆ ಅವರದೇ ಆಕಾರದ ಕಾರ್ಟ್ರಿಡ್ಜ್ ಬೇಕು, ಬೇರೆಯದು ಕೂರುವುದಿಲ್ಲ. ಅದರ ಬೆಲೆ ಎರಡು ಮೂರು ಪಟ್ಟು, ತಾಲೂಕು ಊರಿನಲ್ಲಿ ಸಿಗಲು ದಿನಗಟ್ಟಲೆ ಕಾಯಬೇಕು. ಹಳೆಯದು ಕೊಳ್ಳುವವರು ನೋಡಲು ಚಂದ ಇರುವುದಕ್ಕಿಂತ ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲದ್ದನ್ನೇ ತೆಗೆದುಕೊಳ್ಳಬೇಕು.

ಬೆಲೆಯ ಮಾತು

ಕೇಳಿದ್ದು 4,500. ತಂದ ಕೂಡಲೇ ಹಾಕಲೇಬೇಕಾದದ್ದನ್ನು ಅವರ ಮುಂದೆಯೇ ಬರೆದೆವು. ಮಷೀನಿಗೆ ಮುಂಚೆಯೇ ಮಣ್ಣು ಹಿಡಿಯುವ ಹೊರಗಿನ ಬೌಲಿನ ಸ್ಪನ್ ಕ್ಯಾಂಡಲ್ 120. ಒಳಗಿನ ಎರಡು ಫಿಲ್ಟರ್, ಸಣ್ಣ ಮಣ್ಣು ಹಿಡಿಯುವ ಸೆಡಿಮೆಂಟ್ ಮತ್ತು ಕ್ಲೋರಿನ್ ಹಿಡಿಯುವ ಕಾರ್ಬನ್, ಸೇರಿ 550. ಯುವಿ ದೀಪ 350. ಬಿಚ್ಚಿ ಕೂರಿಸುವ ಮೆಕ್ಯಾನಿಕ್‌ಗೆ 350. ಒಟ್ಟು 1,370. ಇದು ನಮ್ಮ ಕಡೆ ಅಂಗಡಿಗಳಲ್ಲಿ ನಾವು ಕೇಳಿದ ದರ, ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಹಳೇ ಕ್ಯಾಂಡಲ್‌ಗಳನ್ನು "ಇನ್ನೂ ನಡೀತಾವು" ಎಂದು ಉಳಿಸಿಕೊಳ್ಳಬೇಡಿ. ಕಾರ್ಬನ್ ಸೋತರೆ ನಲ್ಲಿ ನೀರಿನ ಕ್ಲೋರಿನ್ ನೇರ ಮೆಂಬ್ರೇನಿಗೆ ಹೋಗಿ ಅದನ್ನು ತಿನ್ನುತ್ತದೆ. ಮಾತಾಡಿ 3,200ಕ್ಕೆ ಮುಗಿಯಿತು. ಎಲ್ಲ ಸೇರಿ 4,570 ಆಯಿತು.

ಕೊಂಡ ಮೇಲಿನ ಖರ್ಚೇ ದೊಡ್ಡದು. ಬೋರ್ ನೀರಿಗೆ ಸ್ಪನ್ ಕ್ಯಾಂಡಲ್ ನಾಲ್ಕು ತಿಂಗಳಿಗೊಮ್ಮೆ ಬೇಕು, ವರ್ಷಕ್ಕೆ 360. ಒಳಗಿನ ಎರಡು ಫಿಲ್ಟರ್ 550, ದೀಪ 350. ಮೆಕ್ಯಾನಿಕ್ ಎರಡು ಸಲ ಬಂದರೆ 700. ಮೆಂಬ್ರೇನ್ 1,600. ಹೊಳೆ ನೀರಿನಲ್ಲಿ ಅದು ಎರಡು ಮೂರು ವರ್ಷ ಬರಬಹುದು. 520 ಗಡಸುತನದ ನೀರಿನಲ್ಲಿ ಒಂದೂವರೆ ವರ್ಷ ಎಂದೇ ನಾವು ಹಿಡಿದೆವು. ಹಾಗೆ ಹಂಚಿದರೆ ವರ್ಷಕ್ಕೆ ಸುಮಾರು 1,070. ಎಲ್ಲ ಸೇರಿಸಿದರೆ ವರ್ಷಕ್ಕೆ ಮೂರು ಸಾವಿರದ ಮೇಲೆ ಸ್ವಲ್ಪ. ಅದೇ ಯುವಿ ಮಷೀನಿಗೆ ಹೊಳೆ ನೀರಿನಲ್ಲಿ ಸಾವಿರದ ಇನ್ನೂರು, ಮುನ್ನೂರರಲ್ಲಿ ಮುಗಿಯುತ್ತದೆ.

ಇಲ್ಲಿ ನಾಲ್ಕನೆಯ ಆಯ್ಕೆಯನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ದಿನಕ್ಕೊಂದು ಕ್ಯಾನ್ ತಂದರೂ ವರ್ಷಕ್ಕೆ 1,825. ಮನೆ ಆರ್‌ಓಗಿಂತ ಕಡಿಮೆ. ಘಟಕ ಹತ್ತಿರ ಇದ್ದು, ಸರಿಯಾಗಿ ನಡೆಯುತ್ತಿದ್ದು, ಕ್ಯಾನ್ ಹೊರುವವರು ಮನೆಯಲ್ಲಿ ಇದ್ದರೆ ಮಷೀನೇ ಬೇಡ. ಟಿಡಿಎಸ್ ಮೀಟರ್ ಇದ್ದರೆ ಆ ನೀರನ್ನೂ ತಿಂಗಳಿಗೊಮ್ಮೆ ಅಳೆಯಿರಿ, ಅಲ್ಲಿಯ ಮೆಂಬ್ರೇನೂ ಸೋಲುತ್ತದೆ. ಅಕ್ಕನ ಮನೆಯಿಂದ ಘಟಕ ಒಂದೂವರೆ ಕಿಲೋಮೀಟರ್. ಭಾವ ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಅಕ್ಕನಿಗೆ ಮೊಣಕಾಲು ನೋವು. ಅದಕ್ಕೇ ಮಷೀನು ಕೊಂಡೆವು.

ಕುಷ್ಟಗಿಯಲ್ಲಿ ಹಾಕಿಸಿದ ಮೇಲೆ

ಮೆಕ್ಯಾನಿಕ್ ಬಂದು ಫಿಲ್ಟರ್‌ಗಳನ್ನು ಬದಲಿಸಿ, ಟ್ಯಾಂಕ್ ತೊಳೆದು ಕೂರಿಸಿದ. ಮೊದಲ ಎರಡು ಟ್ಯಾಂಕ್ ನೀರು ಚೆಲ್ಲಿದೆವು. ಹೊಸ ಕಾರ್ಬನ್ನಿನ ಕರಿ ಪುಡಿ ಮೊದಲಿಗೆ ಸ್ವಲ್ಪ ಬರುತ್ತದೆ. ಆಮೇಲೆ ಅಳೆದರೆ 142. ಲೆಕ್ಕದ ಪ್ರಕಾರ 118 ಬರಬೇಕಿತ್ತು. ಉಪ್ಪು ಜಾಸ್ತಿ ಇರುವ ನೀರಿಗೆ ಪಂಪಿನ ಒತ್ತಡದಲ್ಲಿ ಒಂದು ಭಾಗ ಉಪ್ಪಿನ ಎದುರು ಒತ್ತಡಕ್ಕೇ ಖರ್ಚಾಗುತ್ತದೆ, ಅದಕ್ಕೆ ಸ್ವಲ್ಪ ಮೇಲೆ ಬಂತು. ಲ್ಯಾಬಿಗೆ ಇನ್ನೊಂದು ಬಾಟಲಿ ಕೊಟ್ಟೆವು. ಫ್ಲೋರೈಡ್ 0.3.

ಮೆಕ್ಯಾನಿಕ್ ಹೋಗುವ ಮುಂಚೆ, "ನೀರು ಸಪ್ಪಗ ಅನಿಸ್ತೈತ್ರಿ ಅಕ್ಕಾರ, ಸ್ವಲ್ಪ ಕಂಟ್ರೋಲರ್ ಬಿಡ್ಲೇನ್ರಿ?" ಎಂದು ಕೇಳಿದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಅಕ್ಕ ಬೇಡ ಅಂದಳು. ತಿರುಪಿನ ಮೇಲೆ ಟೇಪ್ ಸುತ್ತಿ "ತೆರೆಯಬಾರದು" ಎಂದು ಬರೆದಿಟ್ಟಿದ್ದಾಳೆ. ಸರ್ವಿಸ್‌ಗೆ ಬಂದ ಹೊಸಬರು ರುಚಿಗೆಂದು ಅದನ್ನು ತಿರುಗಿಸಿ ಹೋಗುವುದು ಬಹಳ ಕಡೆ ಆಗುತ್ತದೆ.

ಹೊರಗೆ ಹೋಗುವ ನೀರನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಲು, ಪಾಯಿಖಾನೆಗೆ ಬಳಸುತ್ತಾರೆ. ಪಕ್ಕದ ಮನೆಯವರು ಎಮ್ಮೆಗೆ ಕುಡಿಸಲು ಕೇಳಿದ್ದರು, ಕೊಡಲಿಲ್ಲ. ನಾಲ್ಕು ಲೀಟರಿನ ಫ್ಲೋರೈಡ್ ಮೂರು ಲೀಟರಿಗೆ ಇಳಿದಿರುತ್ತದೆ. ಆ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ದನಕ್ಕೂ ಅದು ಒಳ್ಳೆಯದಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಕ ತಿಂಗಳ ಮೊದಲ ದಿನ ಎರಡು ಲೆಕ್ಕ ಬರೆಯುತ್ತಾಳೆ. ಒಳಗೆ ಹೋಗುವ ನೀರಿನ ಟಿಡಿಎಸ್ ಎಷ್ಟು, ಕುಡಿಯಲು ಬರುವ ನೀರಿನದು ಎಷ್ಟು. ಬೇಸಿಗೆಯಲ್ಲಿ ಬೋರ್ ಇಳಿದಾಗ ಒಳಗೆ ಹೋಗುವುದು 1300 ದಾಟಿತು, ಕುಡಿಯುವ ನೀರಿನದೂ 160 ಆಯಿತು. ಅದರಲ್ಲಿ ಗಾಬರಿ ಇಲ್ಲ, ಪಾಲು ಹಾಗೇ ಇದೆ. ಕುಡಿಯುವ ನೀರಿನದು ಒಳಗೆ ಹೋಗುವುದರ ಐದನೇ ಒಂದು ಪಾಲು ದಾಟಿದ ತಿಂಗಳು ಮೆಂಬ್ರೇನ್ ಬದಲಿಸುವುದು ಎಂದು ಮಾತಾಗಿದೆ. ಅದಕ್ಕೆಂದು ತಿಂಗಳಿಗೆ ನೂರು ರೂಪಾಯಿ ಡಬ್ಬಿಯಲ್ಲಿ ಹಾಕುತ್ತಿದ್ದಾಳೆ.

ಕೆಳಗೆ ಇಳಿಸಿದ ಹಳೆಯ ಯುವಿ ಮಷೀನು ಮೂಲೆಯಲ್ಲಿ ಕೂತಿತ್ತು. ಅದನ್ನು ಗಂಗಾವತಿಯವರಿಗೇ ಮಾರೋಣ ಎಂದೆ. ಜಾಹೀರಾತನ್ನು ಅಕ್ಕನೇ ಹೇಳಿ ಬರೆಸಿದಳು:

"ಯುವಿ ಫಿಲ್ಟರ್ ಮಾರಾಟಕ್ಕಿದೆ. ಐದು ವರ್ಷ ಹಳೆಯದು, ಮೊನ್ನೆ ತನಕ ಬಳಕೆಯಲ್ಲಿತ್ತು. ಹೊಳೆ ನೀರಿಗೆ ಮಾತ್ರ, ಟಿಡಿಎಸ್ 500ರ ಒಳಗಿರಬೇಕು. ಬೋರ್ ನೀರಿನವರು ತಗೋಬೇಡಿ, ಉಪ್ಪು ಮತ್ತು ಫ್ಲೋರೈಡ್ ತೆಗೆಯುವುದಿಲ್ಲ. ದೀಪ ಹಾಕಿ 11 ತಿಂಗಳಾಗಿದೆ, ಹೊಸದು ಹಾಕಿಸಬೇಕು, 350 ಆಗುತ್ತದೆ. ಸೆಡಿಮೆಂಟ್, ಕಾರ್ಬನ್ ಸೇರಿ 550. ಕ್ಯಾಂಡಲ್‌ಗಳು ಎಲ್ಲ ಅಂಗಡಿಯಲ್ಲಿ ಸಿಗುವ ಅಳತೆ. ಮುಚ್ಚಳದ ಒಂದು ಕ್ಲಿಪ್ ಮುರಿದಿದೆ, ಸೋರುವುದಿಲ್ಲ. ಬೆಲೆ 900. ಮನೆಗೆ ಬಂದು ನೀರು ಹರಿಸಿ ನೋಡಿಯೇ ಒಯ್ಯಿರಿ."

ಮೂರನೇ ದಿನಕ್ಕೆ ಗಂಗಾವತಿಯಿಂದ ಒಬ್ಬರು ಬಂದು ನೀರು ಹರಿಸಿ ನೋಡಿ, ಒಂದು ರೂಪಾಯಿ ಕಡಿಮೆ ಕೇಳದೆ ಒಯ್ದರು.